ಸಿಂಪಿಗನ ಗೂಡು ಮತ್ತು ಕಲ್ಲುಬೆಂಚು

ಅಪಾರ್ಟ್‌ಮೆಂಟಿನ ತೋಟದ ಬಾಗಿಲಿಗೆ ಒಂದು ಬೋರ್ಡು ಹಾಕಿದರು. ಆಯಾಗಳು, ಅಡುಗೆಯವರು, ಡ್ರೈವರುಗಳು ತೋಟದ ಬೆಂಚುಗಳ ಮೇಲೆ ಕೂರುವಂತಿಲ್ಲ ಎಂದು ಅದರಲ್ಲಿ ಬರೆದಿತ್ತು. ಬೋರ್ಡು ಹಾಕಿದ ಬೆಳಿಗ್ಗೆ ಕಲ್ಲುಬೆಂಚಿನ ಮೇಲೆ ಒಬ್ಬ ಆಯಾ ಕೂತಿದ್ದಳು. ಅವಳನ್ನು ಎಬ್ಬಿಸಿದರು. ಎದ್ದಳು.

ಅವಳು ನೋಡಿಕೊಳ್ಳುತ್ತಿದ್ದುದು ಮೂರನೇ ಮಹಡಿಯ ಟೀಚರಮ್ಮನನ್ನು. ಟೀಚರಮ್ಮ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಮಗ ಸೊಸೆಯ ಜೊತೆ ಇದ್ದರು. ಸೊಂಟ ಮುರಿದ ಮೇಲೆ ಗಾಲಿಕುರ್ಚಿ ಬಂತು. ಅದಕ್ಕೂ ಮೊದಲೇ ಕಣ್ಣಿನ ನಡುಭಾಗ ಸವೆದು ಹೋಗಿತ್ತು. ಎದುರಿಗಿದ್ದವರ ಮುಖ ನೋಡಿದರೆ ಮುಖವಿರಬೇಕಾದ ಜಾಗದಲ್ಲಿ ಮಸಿಯ ಮುದ್ದೆ, ಪಕ್ಕದಲ್ಲಿ ಎರಡು ಕಿವಿ ಮಾತ್ರ. ಆಯುಷ್ಯಪೂರ್ತಿ ಹಕ್ಕಿ ನೋಡಿದ ಹೆಂಗಸು. ಅವರ ದುರ್ಬೀನು ಈಗ ಕೋಣೆಯ ಮೊಳೆಗೆ ನೇತುಬಿದ್ದಿತ್ತು.

"ಯಾರೋ ನಿನ್ನ ಎಬ್ಬಿಸಿದ ಹಾಗಾಯ್ತು," ಎಂದರು ಟೀಚರಮ್ಮ, ಕುರ್ಚಿಯಿಂದಲೇ ಕತ್ತು ಓರೆ ಮಾಡಿ.

"ಹೂಂ ಟೀಚರಮ್ಮ. ಸೆಕ್ರೆಟರಿ ಸಾಹೇಬ್ರು ಹೊಸ ಬೋರ್ಡು ಹಾಕ್ಸಿದಾರಂತೆ. ನಾವು ಕೂರೋ ಹಾಗಿಲ್ಲವಂತೆ."

"ಯಾಕಂತೆ?"

"ಯಾಕೆ ಅಂತ ಬೋರ್ಡಲ್ಲಿ ಬರೆದಿಲ್ಲ."

ಎಬ್ಬಿಸಿದವನು ಗೇಟಿನ ಸೆಕ್ಯುರಿಟಿ. ಕುತ್ತಿಗೆಗೆ ಸದಾ ಒಂದು ಪೀಪಿ ನೇತುಹಾಕಿಕೊಂಡಿರುತ್ತಿದ್ದುದರಿಂದ ಮನೆಕೆಲಸದವರೆಲ್ಲ ಅವನನ್ನು ಪೀಪಿ ಎಂದೇ ಕರೆಯುತ್ತಿದ್ದರು. ಅವನ ತಪ್ಪೇನಿಲ್ಲ. ಅವನಿಗೂ ಗೇಟಿನ ಹತ್ತಿರ ಸ್ಟೂಲು ಕೊಟ್ಟಿರಲಿಲ್ಲ. ನಿಂತವನಿಗೆ ಕೂತವರನ್ನು ಎಬ್ಬಿಸುವ ಕೆಲಸ ಕೊಡುವುದು ಹಳೆಯ ಜಾಣತನ. ಅವನು ಅದನ್ನು ಮನಸ್ಸಿಟ್ಟು ಮಾಡುತ್ತಾನೆ.

ಮಾರನೆಯ ದಿನದಿಂದ ಆಯಾ ಗಾಲಿಕುರ್ಚಿಯ ಹಿಂದೆ ಕೋಲು ನೆಟ್ಟ ಹಾಗೆ ನಿಂತಳು. ಬೆಳಗಿನ ಬಿಸಿಲು ತಲೆಗೆ ಏರುವವರೆಗೂ ನಿಲ್ಲಬೇಕು. ಅವಳ ಪಾದಗಳು ರಾತ್ರಿ ಹೊತ್ತಿಗೆ ಬನ್ನಿನ ಹಾಗೆ ಊದಿಕೊಳ್ಳುತ್ತಿದ್ದವು. ಅದು ಅವಳ ಕಷ್ಟ. ಟೀಚರಮ್ಮನ ಕಷ್ಟ ಬೇರೆ ಇತ್ತು.

"ಇವಳೇ, ಇವತ್ತು ಹರಟೆಮಲ್ಲರು ಯಾಕೆ ಕೆಳಗಿಳಿದಿಲ್ಲ?"

"ಯಾರು?"

"ಹರಟೆಮಲ್ಲ. ಬೂದು ಬಣ್ಣದವು, ಗುಂಪಾಗಿ ಬರ್ತವಲ್ಲ. ಒಂದು ಮಾತಾಡಿದ್ರೆ ಮಿಕ್ಕಿದ್ದೆಲ್ಲ ಒಟ್ಟಿಗೇ ಬಾಯಿ ಹಾಕ್ತವೆ. ನಲ್ಲಿ ನೀರಿನ ಕ್ಯೂ ಥರ."

"ಅಯ್ಯೋ ಅವಾ! ಮರದ ಮೇಲೇ ಕೂತಿದಾವೆ. ನನ್ನನ್ನೇ ನೋಡ್ತಿದಾವೆ."

"ನೀನು ನಿಂತಿದೀಯಲ್ಲ ಅದಕ್ಕೆ." ಟೀಚರಮ್ಮ ನಿಟ್ಟುಸಿರಿಟ್ಟರು. "ಕೂತ ಮನುಷ್ಯ ಹಕ್ಕಿಗೆ ಬಂಡೆ. ನಿಂತ ಮನುಷ್ಯ ಬೆಕ್ಕು. ಕೂತುಕೋ ಅಂದ್ರೆ ಕೂರೋ ಹಾಗಿಲ್ಲ. ಇನ್ನು ನನಗೆ ತೋಟಕ್ಕೆ ಬಂದು ಏನು ಸುಖ?"

ಆಯಾ ಒಂದು ಕ್ಷಣ ಯೋಚಿಸಿ ಸೀರೆ ಸುತ್ತಿಕೊಂಡು ಕುರ್ಚಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು. ತಕ್ಷಣ ಪೀಪಿ ತನ್ನ ಪೀಪಿ ಊದುತ್ತ ಬಂದ.

"ಏನಮ್ಮಾ, ಬೋರ್ಡು ಓದೋಕೆ ಬರಲ್ವಾ?"

"ಬರುತ್ತಣ್ಣ. ಬೆಂಚು ಅಂತ ಬರೆದಿದೆ. ಇದು ಬೆಂಚಾ?"

"ಕೂತಿದೀಯಲ್ಲ!"

"ಕೂತಿದ್ರೆ ಕುಂಡಿ ನೆಲಕ್ಕೆ ತಾಗಬೇಕು. ತಾಗಿದ್ಯಾ, ಬಗ್ಗಿ ನೋಡು."

ಟೀಚರಮ್ಮ ಕೆಮ್ಮಿದ ಹಾಗೆ ಮಾಡಿ ನಕ್ಕರು. ಪೀಪಿ ಬಗ್ಗಿ ನೋಡಲಿಲ್ಲ. ಕಿವಿ ಕೆಂಪಗೆ ಮಾಡಿಕೊಂಡು ಹೋದ. ಸ್ವಲ್ಪ ಹೊತ್ತಿಗೆ ಹರಟೆಮಲ್ಲರು ಒಂದೊಂದಾಗಿ ಇಳಿದು, ಕುಪ್ಪಳಿಸುತ್ತ, ತರಗೆಲೆ ಮಗುಚಿ ಹಾಕುತ್ತ, ಜಗಳವಾಡುತ್ತ ಆಯಾಳ ಕಾಲಿನ ಹತ್ತಿರದವರೆಗೂ ಬಂದವು.

"ಬಂದ್ವು," ಎಂದಳು ಪಿಸುದನಿಯಲ್ಲಿ. ಅವಳಿಗೆ ಯಾಕೋ ಮೈ ಜುಮ್ಮೆಂದಿತು.

ಅವಳ ಪಾಠ ಶುರುವಾದದ್ದು ಹೀಗೆ. ಟೀಚರಮ್ಮನಿಗೆ ಕಣ್ಣು ಬೇಕಿತ್ತು; ಆಯಾಳಿಗೆ ಹೊತ್ತು ಹೋಗಬೇಕಿತ್ತು.

"ಏನು ಕಾಣ್ತಿದೆ ಹೇಳು."

"ಹಕ್ಕಿ."

"ಹಕ್ಕಿ ಅಂತ ನನಗೂ ಗೊತ್ತು. ಎಂಥಾದ್ದು?"

"ಕರೀದು."

"ಬಣ್ಣ ಹೇಳಬೇಡ, ಬಣ್ಣ ಕೊನೆಗೆ. ಬಿಸಿಲಿಗೆ ಎದುರಾಗಿದ್ರೆ ಗಿಳೀನೂ ಕರೀದೇ ಕಾಣುತ್ತೆ. ಎಲ್ಲಿದೆ ಅಂತ ಹೇಳು. ನೆಲದ ಮೇಲಾ, ಪೊದೆಯೊಳಗಾ, ತಂತಿ ಮೇಲಾ? ಆಮೇಲೆ ಏನು ಮಾಡ್ತಿದೆ ಅಂತ ಹೇಳು."

"ತಂತಿ ಮೇಲೆ ಕೂತಿದೆ. ಹಾ, ಹಾರಿತು. ಗಾಳೀಲಿ ಏನೋ ಹಿಡೀತು. ತಿರುಗಿ ಅದೇ ಜಾಗಕ್ಕೆ ಬಂದು ಕೂತ್ಕೊಳ್ತು."

"ಬಾಲ?"

"ಮೀನಿನ ಬಾಲದ ಥರ ಸೀಳಿದೆ."

"ಕಾಜಾಣ!" ಟೀಚರಮ್ಮ ಕುರ್ಚಿಯ ಕೈ ತಟ್ಟಿದರು. "ಕಾಗೆ ಕರೀದು, ಕೋಗಿಲೆ ಕರೀದು, ಕಾಜಾಣ ಕರೀದು. ಬಣ್ಣ ಕೇಳಿದ್ರೆ ಮೂರೂ ಒಂದೇ. ನಡತೆ ಕೇಳಿದ್ರೆ ಮೂರೂ ಬೇರೆ. ಕೋಗಿಲೆ ಎಲೆ ಮರೆಯಿಂದ ಈಚೆ ಬರಲ್ಲ, ಸಾಲಗಾರನ ಥರ. ಮನುಷ್ಯರನ್ನೂ ಹೀಗೇ ಗುರುತು ಹಿಡಿಯೋದು ಒಳ್ಳೇದು."

ಗೊರವಂಕ ನಡೆಯುತ್ತದೆ, ಗುಬ್ಬಿ ಕುಪ್ಪಳಿಸುತ್ತದೆ ಎಂದು ಆಯಾ ಕಲಿತಳು. ಗೊರವಂಕ ಹುಲ್ಲಿನ ಮೇಲೆ ಕತ್ತು ಆಡಿಸುತ್ತ ಹೆಜ್ಜೆ ಹಾಕುವುದನ್ನು ನೋಡಿ, "ನಮ್ಮ ವಠಾರದ ಓನರು ಬಾಡಿಗೆ ವಸೂಲಿಗೆ ಬರೋದು ಹೀಗೇ" ಎಂದಳು. ಪಿಕಳಾರ ಜೋಡಿಯಾಗಿ ಪೊದೆಯ ನೆತ್ತಿಯ ಮೇಲೆ ಕೂತು ತಲೆಯ ಜುಟ್ಟು ನಿಗುರಿಸಿ ಲವಲವಿಕೆಯಿಂದ ಮಾತಾಡುತ್ತದೆ, ಬಾಲದ ಬುಡದಲ್ಲಿ ಕೆಂಪು. ಸೂರಕ್ಕಿ ಹೂವಿನಿಂದ ಹೂವಿಗೆ ನೆಗೆಯುತ್ತದೆ, ಒಂದು ಕಡೆ ನಿಲ್ಲುವ ಜಾಯಮಾನವೇ ಅಲ್ಲ. ಬೆಳಕು ಹರಿಯುವ ಮುಂಚೆಯೇ ಕಂಬದ ತುದಿಯಲ್ಲಿ ಕೂತು ಇಂಪಾಗಿ ಸಿಳ್ಳೆ ಹಾಕುವ ಕಪ್ಪು ಬಿಳುಪಿನ ಹಕ್ಕಿ, ನೆಲಕ್ಕಿಳಿದಾಗ ಬಾಲವನ್ನು ನೆಟ್ಟಗೆ ಎತ್ತಿ ಎತ್ತಿ ಇಳಿಸುವುದು, ಮಡಿವಾಳ. ಎಲ್ಲೋ ದೂರದ ಬೋಳು ಕೊಂಬೆಯಲ್ಲಿ ಕೂತು ಟಂಕ್ ಟಂಕ್ ಟಂಕ್ ಎಂದು ಒಂದೇ ತಾಳದಲ್ಲಿ ಪಾತ್ರೆ ಬಡಿಯುವುದು ಕಂಚುಗಾರ.

ಆ ಕಂಚುಗಾರ ಹಕ್ಕಿ ಅವಳನ್ನು ಸತಾಯಿಸಿತು. ಒಮ್ಮೆ ಎಡಗಡೆಯಿಂದ ಕೇಳುತ್ತಿತ್ತು, ಒಮ್ಮೆ ಬಲಗಡೆಯಿಂದ. ಎರಡು ಹಕ್ಕಿ ಇವೆ ಎಂದಳು. "ಒಂದೇ. ಕೂಗ್ತಾ ಕೂಗ್ತಾ ತಲೆ ತಿರುಗಿಸುತ್ತೆ, ಅದಕ್ಕೆ ಸದ್ದು ಜಾಗ ಬದಲಾಯಿಸಿದ ಹಾಗೆ ಕೇಳುತ್ತೆ," ಎಂದರು ಟೀಚರಮ್ಮ.

"ಎಲ್ಲ ನಮ್ಮವರೇ ಇದಾರಲ್ಲ ಟೀಚರಮ್ಮ. ಬಟ್ಟೆ ಒಗೆಯೋರು, ಪಾತ್ರೆ ಬಡಿಯೋರು. ಸೆಕ್ರೆಟರಿ ಅಂತ ಹಕ್ಕಿ ಇಲ್ವಾ?"

"ಇದೆ ಕಣೇ! ಯಾವುದೋ ದೂರದ ಹುಲ್ಲುಗಾವಲಲ್ಲಿ. ಉದ್ದ ಕಾಲು. ಹಾರೋದು ಕಮ್ಮಿ, ನೆಲದ ಮೇಲೇ ಗತ್ತಿನಿಂದ ಓಡಾಡ್ತಾ ಸಿಕ್ಕಿದ್ದನ್ನೆಲ್ಲ ತುಳೀತಿರುತ್ತೆ."

ಇಬ್ಬರೂ ನಕ್ಕದ್ದು ಎಷ್ಟು ಜೋರಾಗಿತ್ತೆಂದರೆ ಗೊರವಂಕಗಳು ಹಾರಿಹೋದವು.

ಕಂಚುಗಾರನಿಗಿಂತ ಹೆಚ್ಚಾಗಿ ಅವಳಿಗೆ ಮೋಸ ಮಾಡಿದ್ದು ಸಿಂಪಿಗ. ಟುವ್ವಿ ಟುವ್ವಿ ಟುವ್ವಿ ಟುವ್ವಿ ಎಂದು ತೋಟಕ್ಕೆ ತೋಟವೇ ಅದುರುವ ಹಾಗೆ ಒಂದು ಕೂಗು. ಅಷ್ಟು ದೊಡ್ಡ ಗಂಟಲಿರುವ ಹಕ್ಕಿ ಕೋಳಿಯಷ್ಟಾದರೂ ಇರಬೇಕೆಂದು ಆಯಾ ಎಷ್ಟೋ ಬೆಳಗುಗಳನ್ನು ಮರದ ತುದಿ ನೋಡಿಯೇ ಕಳೆದಳು. ಕತ್ತು ಹಿಡಿದುಕೊಂಡಿತು. ಕೊನೆಗೆ ಟೀಚರಮ್ಮ, "ಎಲ್ಲಿ ನೋಡ್ತಿದೀಯ?" ಎಂದು ಕೇಳಿದರು.

"ಮೇಲೆ."

"ನಿನ್ನ ಸೊಂಟದ ಕೆಳಗೆ ನೋಡು, ಪೊದೆಯೊಳಗೆ."

ಕಾಗದದ ಹೂವಿನ ಬಳ್ಳಿಯಲ್ಲಿ ಹೆಬ್ಬೆರಳಿಗಿಂತ ಚೂರು ದೊಡ್ಡದಾದ ಹಕ್ಕಿ. ಬೆನ್ನು ಹಸಿರು, ಹೊಟ್ಟೆ ಮಾಸಲು ಬಿಳಿ, ನೆತ್ತಿ ತುಕ್ಕಿನ ಬಣ್ಣ, ಬಾಲ ಬೆನ್ನ ಮೇಲಕ್ಕೆ ನಿಮಿರಿದೆ. ಕೂಗಿದಾಗ ಇಡೀ ಮೈ ನಡುಗುತ್ತದೆ.

"ಇಷ್ಟೇನಾ!" ಎಂದಳು ಆಯಾ. ಅವಳಿಗೆ ಸಿಟ್ಟೇ ಬಂದಿತ್ತು. ಆಮೇಲೆ ಪ್ರೀತಿ ಬಂತು. "ಇಷ್ಟು ಗಾತ್ರ ಇಟ್ಕೊಂಡು ಇಷ್ಟು ಬಾಯಾ?"

"ಹಸಿ ಎಲೆಗೆ ತೂತು ಕೊರೆದು, ಜೇಡರ ಬಲೆ, ಹತ್ತಿ ನಾರು ಹಾಕಿ ಹೊಲಿಯುತ್ತೆ. ಅದರೊಳಗೆ ಗೂಡು. ಅದಕ್ಕೇ ಸಿಂಪಿಗ."

ಇದಾದ ಕೆಲವು ದಿನಕ್ಕೆ ತೋಟದ ಮಾಲಿ ಗಾಲಿಕುರ್ಚಿಯ ಹತ್ತಿರ ಬಂದು ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು, "ಟೀಚರಮ್ಮ, ದಾಸವಾಳದ ಬೇಲಿನ ಮಂಡಿ ಮಟ್ಟಕ್ಕೆ ಕತ್ತರಿಸಬೇಕಂತೆ. ಸೆಕ್ರೆಟರಿ ಸಾಹೇಬ್ರು ಹೇಳಿದಾರೆ. ಕ್ಯಾಮೆರಾಗೆ ಅಡ್ಡ ಬರುತ್ತಂತೆ," ಎಂದ.

ಆಯಾ ಎದ್ದು ನಿಂತಳು. "ಅದರೊಳಗೆ ಸಿಂಪಿಗ ಇದೆ. ಗೂಡು ಇರುತ್ತೆ!"

"ಇರುತ್ತೋ, ಇದೆಯೋ?" ಎಂದರು ಟೀಚರಮ್ಮ.

ಅವಳು ಆಗಲೇ ಕಚೇರಿಯ ಕಡೆ ಹೊರಟಿದ್ದಳು.

ಸೆಕ್ರೆಟರಿ ಕಾರ್ಖಾನೆಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದು ಬಂದವರು. ಕೆಟ್ಟವರಲ್ಲ. ಎಲ್ಲವೂ ಗೆರೆ ಎಳೆದ ಹಾಗಿರಬೇಕು, ಅಷ್ಟೆ. ಗೆರೆಯ ಆಚೆ ಯಾರು ನಿಂತಿದ್ದಾರೆ ಎಂದು ಅವರು ಬಗ್ಗಿ ನೋಡುತ್ತಿರಲಿಲ್ಲ. ಆಯಾ ಒಂದೇ ಉಸಿರಿಗೆ ಹೇಳಿದ್ದನ್ನು ಕೇಳಿ, "ಗೂಡಿದ್ರೆ ನಾನೇಕೆ ಕತ್ತರಿಸಲಿ? ನಾನೇನು ಕಟುಕನಾ? ನಡಿ, ತೋರಿಸು," ಎಂದು ಎದ್ದು ಬಂದರು. ವಾಕಿಂಗ್ ಮುಗಿಸಿದ ನಾಲ್ಕಾರು ಜನ ಹಿಂದೆ ಬಂದರು.

ಟುವ್ವಿ ಟುವ್ವಿ ಎಂದು ಹಕ್ಕಿ ಕೂಗುತ್ತಿತ್ತು. ಆಯಾ ಎಲ್ಲರನ್ನೂ ಕಾಗದದ ಹೂವಿನ ಬಳ್ಳಿಯ ಹತ್ತಿರ ಕರೆದುಕೊಂಡು ಹೋದಳು. ದಿನಾ ಅದು ಕೂಗುವ ಜಾಗ ಅದೇ. ಅದರ ಪಕ್ಕದ ದಾಸವಾಳದ ಟೊಂಗೆಗಳನ್ನು ಒಂದೊಂದಾಗಿ ಸರಿಸಿದಳು. ಬಳ್ಳಿಯ ಮುಳ್ಳು ಗೀರಿತು. ಎಲೆ ಬಿಟ್ಟರೆ ಏನೂ ಇಲ್ಲ. ಇನ್ನೂ ಕೆಳಗೆ ಹುಡುಕಿದಳು. ಒಂದು ಚಿಪ್ಸ್ ಪ್ಯಾಕೆಟ್ಟು ಸಿಕ್ಕಿತು.

"ಇದೇನಾ ಗೂಡು?" ಎಂದರು ಯಾರೋ. ನಗೆ ಎದ್ದಿತು.

"ನಮ್ಮ ಆಯಮ್ಮ ಪಕ್ಷಿಶಾಸ್ತ್ರಜ್ಞೆ ಆಗ್ಬಿಟ್ರಲ್ಲ!" ಎಂದರು ಸೆಕ್ರೆಟರಿ. ಜನ ನಕ್ಕಿದ್ದು ಅವರಿಗೂ ಹಿತವಾಗಿತ್ತು. "ನೋಡಮ್ಮ, ಮಾತು ಅಂದ್ರೆ ಮಾತು. ಶನಿವಾರ ಬೆಳಿಗ್ಗೆ ಕತ್ತರಿ ಬೀಳುತ್ತೆ. ಅಷ್ಟರೊಳಗೆ ಗೂಡು ತೋರಿಸು, ಬಿಡ್ತೀನಿ. ಇಲ್ಲಾಂದ್ರೆ ಇನ್ಮೇಲೆ ಟೀಚರಮ್ಮನ ಕುರ್ಚಿ ತಳ್ಳೋದಷ್ಟೇ ನಿನ್ನ ಕೆಲಸ."

ಮನೆಗೆ ಬಂದಾಗ ಸುದ್ದಿ ಅವಳಿಗಿಂತ ಮುಂಚೆ ಲಿಫ್ಟ್ ಹತ್ತಿತ್ತು. ಸೊಸೆ ಬಾಗಿಲಲ್ಲೇ ಹೇಳಿದಳು: "ರಗಳೆ ಮಾಡ್ಕೋಬೇಡ ಕಣೇ. ಅವರು ನಿನ್ನ ಗೇಟ್ ಪಾಸ್ ಕಿತ್ಕೊಂಡ್ರೆ ಅತ್ತೇನ ನೋಡ್ಕೊಳ್ಳೋಕೆ ನಾನು ಎಲ್ಲಿಂದ ಜನ ತರಲಿ?"

ಟೀಚರಮ್ಮ ಬಾಗಿಲು ಹಾಕಿಸಿದರು. ಆಯಾ ಅಳಲಿಲ್ಲ, ಕೈಯ ಗೀರಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತಳು.

"ನೀವಾದ್ರೂ ಹೇಳಬಾರದಿತ್ತಾ, ಅಲ್ಲಿ ಇಲ್ಲ ಅಂತ?"

"ಕೇಳೋಕೆ ನಿಂತ್ಯಾ ನೀನು?" ಎಂದರು ಟೀಚರಮ್ಮ. ಆಮೇಲೆ ದನಿ ತಗ್ಗಿಸಿ, "ಹೊಸದಾಗಿ ಕಲಿಯೋರೆಲ್ಲ ಮಾಡೋ ತಪ್ಪೇ ಅದು. ನಾನೂ ಮಾಡಿದ್ದೆ. ಗಂಡು ಜೋರಾಗಿ ಕೂಗೋದು ಇದು ನನ್ನ ಜಾಗ ಅಂತ ಸಾರೋಕೆ. ಮನೆ ಎಲ್ಲಿದೆ ಅಂತ ಡಂಗುರ ಹೊಡೆಯೋಕಲ್ಲ. ಗೂಡಿನ ಹತ್ರ ಬಂದಾಗ ಬಾಯಿಗೆ ಬೀಗ. ಕಾಗೆ ಕೇಳಿಸ್ಕೊಂಡ್ರೆ ಮರಿ ಉಳಿಯುತ್ತಾ? ಕೂಗು ಕೇಳೋ ಕಡೆ ಹುಡುಕಬೇಡ. ಕೂಗು ನಿಲ್ಲೋ ಕಡೆ ಹುಡುಕು."

"ನಿಂತಿದ್ದು ಹೇಗೆ ಕೇಳಿಸುತ್ತೆ?"

"ಅದನ್ನ ನಾನು ಕೇಳ್ತೀನಿ. ನೀನು ಕೊಕ್ಕು ನೋಡು. ಕೊಕ್ಕಲ್ಲಿ ಹುಳ ಇಟ್ಕೊಂಡು ನುಂಗದೆ ಓಡಾಡ್ತಿದ್ರೆ ಆ ಹುಳ ತನಗಲ್ಲ."

ಮರುದಿನ ಇಬ್ಬರೂ ಬೇಗ ಇಳಿದರು. ಬಳ್ಳಿಯಲ್ಲಿ ಟುವ್ವಿ ಟುವ್ವಿ ಕೇಳಿಸಿತು. ಟೀಚರಮ್ಮ ಕಣ್ಣು ಮುಚ್ಚಿ ಬೆರಳೆತ್ತಿದರು. ಕೂಗು ನಿಂತಿತು. ಬೆರಳು ಇಳಿಯಿತು. "ಈಗ."

ಆಯಾ ನೋಡಿದಳು. ಹಕ್ಕಿ ನೆಲಕ್ಕೆ ಹತ್ತಿರ ಹತ್ತಿರ ಹಾರುತ್ತ ಹುಲ್ಲಿನಂಚಿಗೆ ಬಂತು. ಹಸಿರು ಹುಳವೊಂದನ್ನು ಕಚ್ಚಿತು. ನುಂಗಲಿಲ್ಲ. ಸೀದಾ ಎಲ್ಲಿಗೂ ಹೋಗಲಿಲ್ಲ. ಕುಂಡದ ಮೇಲೆ ಕೂತಿತು, ಪೈಪಿನ ಮೇಲೆ ಕೂತಿತು, ಬಾಲ ಕುಣಿಸುತ್ತ ಅತ್ತಿತ್ತ ನೋಡಿತು. ಯಾರೂ ಹಿಂಬಾಲಿಸುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಬೇಲಿಯ ಇನ್ನೊಂದು ತುದಿಗೆ ಸರಕ್ಕನೆ ನುಗ್ಗಿತು. ಕಲ್ಲುಬೆಂಚಿನ ಎದುರಿನ ತುದಿಗೆ.

ಆದರೆ ಕುರ್ಚಿ ನಿಲ್ಲಿಸಿದ್ದ ದಾರಿಯಿಂದ ಆ ತುದಿಯ ಕೆಳಭಾಗ ಕಾಣುವುದಿಲ್ಲ. ದೊಡ್ಡ ದೊಡ್ಡ ಕುಂಡಗಳು ಅಡ್ಡ. ಕುಕ್ಕರಗಾಲಿನಲ್ಲಿ ಕೂತರೆ ಕುಂಡ ಬಿಟ್ಟು ಏನೂ ಕಾಣದು. ಎದ್ದು ನಿಂತರೆ ಕಾಣುತ್ತದೆ, ಆದರೆ ಅವಳು ಎದ್ದ ಕೂಡಲೇ ಹಕ್ಕಿ ಹುಳ ಕಚ್ಚಿಕೊಂಡೇ ಪೈಪಿನ ಮೇಲೆ ನಿಂತುಬಿಡುತ್ತದೆ, ಚಿಕ್ ಚಿಕ್ ಚಿಕ್ ಎಂದು ಬೈಯುತ್ತದೆ. ಒಳಗೆ ಹೋಗುವುದೇ ಇಲ್ಲ. ಮತ್ತೆ ಮತ್ತೆ ಹೀಗೇ ಆಯಿತು.

"ಅದು ಹೋಗಲ್ಲ," ಎಂದರು ಟೀಚರಮ್ಮ. "ನೀನು ನಿಂತಿರೋವರೆಗೆ ಮರಿ ಉಪವಾಸ. ಸಾಕು, ಕೂರು."

"ಬೆಂಚಿಂದ ಸರಿಯಾಗಿ ಕಾಣುತ್ತೆ ಟೀಚರಮ್ಮ. ಬೆಂಚು ಬಿಟ್ರೆ ಬೇರೆ ಎಲ್ಲಿಂದಲೂ ಕಾಣಲ್ಲ."

ಪೀಪಿ ಟೀ ಕುಡಿಯಲು ಹೋಗುವುದನ್ನು ಇಬ್ಬರೂ ಕಾದರು. ಅವನು ಗೇಟು ದಾಟಿದ್ದೇ ತಡ ಆಯಾ ಬೆಂಚಿನ ಮೇಲೆ ಕೂತಳು. ಕಲ್ಲು ತಣ್ಣಗಿತ್ತು. ತನ್ನ ಉಸಿರು ತನಗೇ ಕೇಳುವಷ್ಟು ಸುಮ್ಮನೆ ಕೂತಳು. ಹಕ್ಕಿ ಬಂತು. ಮಂಡಿಗಿಂತ ಚೂರು ಎತ್ತರದಲ್ಲಿ ಎರಡು ದಾಸವಾಳದ ಎಲೆಗಳು ಅಂಚಿಗೆ ಅಂಚು ಸೇರಿ ಜೋಳಿಗೆಯಾಗಿದ್ದವು. ಎಲೆಗಳು ಹಸಿರಾಗೇ ಇದ್ದುದರಿಂದ ಗೊತ್ತೇ ಆಗುತ್ತಿರಲಿಲ್ಲ. ಹಕ್ಕಿ ತಲೆ ಒಳಗೆ ಹಾಕಿತು. ಈಚೆ ತೆಗೆದಾಗ ಹುಳ ಇರಲಿಲ್ಲ. ಕೊಕ್ಕಿನಲ್ಲಿ ಬಿಳಿ ಮುತ್ತಿನಂಥದ್ದೇನೋ ಇತ್ತು. ಅದನ್ನು ಕಚ್ಚಿಕೊಂಡು ದೂರಕ್ಕೆ ಹಾರಿತು.

ಓಡಿ ಬಂದು ಟೀಚರಮ್ಮನ ಕಿವಿಯಲ್ಲಿ ಹೇಳಿದಳು. ಟೀಚರಮ್ಮ ಅವಳ ಕೈ ಹಿಡಿದುಕೊಂಡರು.

"ಅದು ಮುತ್ತಲ್ಲ ಕಣೇ, ಮರಿಯ ಹೇಲು. ಚೀಲದಲ್ಲಿ ಬರುತ್ತೆ, ತಾಯಿ ತಂದೆ ಎತ್ತಿಕೊಂಡು ಹೋಗಿ ದೂರ ಹಾಕ್ತವೆ. ಮೊಟ್ಟೆಯಲ್ಲ, ಮರಿಯೇ ಇದೆ! ಇದಕ್ಕಿಂತ ಬೇರೆ ಸಾಕ್ಷಿ ಬೇಡ."

"ನಾನೂ ದಿನಾ ಅದೇ ಕೆಲಸ ಮಾಡೋದಲ್ವಾ," ಎಂದಳು ಆಯಾ.

ಟೀಚರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು.

ಶನಿವಾರ ಬೆಳಿಗ್ಗೆ ಮಾಲಿ ದೊಡ್ಡ ಕತ್ತರಿ ಹಿಡಿದು ಬಂದಾಗ ಆಯಾ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಗಾಲಿಕುರ್ಚಿ ಪಕ್ಕದಲ್ಲಿತ್ತು. ಟೀಚರಮ್ಮ ಮೊಳೆಯಿಂದ ದುರ್ಬೀನು ತರಿಸಿ ಅವಳ ಕೊರಳಿಗೆ ಹಾಕಿದ್ದರು.

ಪೀಪಿ ಓಡಿ ಬಂದ. "ಏಳಮ್ಮಾ! ಸಾಹೇಬ್ರು ಬರ್ತಿದಾರೆ!"

"ಬರಲಿ ಅಣ್ಣ. ಅವರು ಹೇಳಿದ್ದೇ, ಗೂಡು ತೋರಿಸು ಅಂತ."

ಸೆಕ್ರೆಟರಿ ಬಂದರು. ಬೆಂಚು ನೋಡಿದರು, ಅವಳನ್ನು ನೋಡಿದರು, ದುರ್ಬೀನು ನೋಡಿದರು. "ಏನಿದು ವೇಷ? ಎದ್ದೇಳು. ಗೂಡೆಲ್ಲಿದೆ? ಹೋಗಿ ಎಲೆ ಸರಿಸಿ ತೋರಿಸು."

"ಸರಿಸಲ್ಲ ಸಾರ್. ಕೈ ಹಾಕಿದ್ರೆ ಅವು ಬಿಟ್ಟು ಹೋದ್ರೂ ಹೋಗಬಹುದು. ಕಾಗೆ ಬೇರೆ ನೋಡ್ತಿದೆ. ಕೂತುಕೊಂಡ್ರೆ ಅದೇ ತೋರಿಸುತ್ತೆ."

"ಯಾವುದು?"

"ಹಕ್ಕಿ."

ಪೈಪಿನ ಮೇಲೆ ಚಿಕ್ ಚಿಕ್ ಚಿಕ್ ಶುರುವಾಗಿತ್ತು. ಟೀಚರಮ್ಮ ಆ ಕಡೆ ಕತ್ತು ಓರೆ ಮಾಡಿದರು. "ಕೇಳಿಸ್ತಾ? ಅದರ ಬಾಯಲ್ಲಿ ಹುಳ ಇದೆ. ನೀವೆಲ್ಲ ನಿಂತಿದೀರ ಅಂತ ಬೈತಿದೆ. ಕೂತುಕೊಳ್ಳಿ ಸ್ವಾಮಿ. ನಲವತ್ತು ಮಕ್ಕಳನ್ನ ಒಂದೇ ಮಾತಿಗೆ ಕೂರಿಸಿದೋಳು ನಾನು. ಕೂತುಕೊಳ್ಳಿ."

ಮೊದಲು ಕೂತವನು ಮಾಲಿ. ಕತ್ತರಿಯನ್ನು ತೊಡೆಯ ಮೇಲಿಟ್ಟುಕೊಂಡು ಹುಲ್ಲಿನ ಮೇಲೆ ಕೂತ. ಪೀಪಿ ಸೆಕ್ರೆಟರಿಯ ಮುಖ ನೋಡಿದ, ಹಕ್ಕಿಯನ್ನು ನೋಡಿದ, ಕುಕ್ಕರಗಾಲಿನಲ್ಲಿ ಕೂತ. ಅವನ ಮಂಡಿ ಲಟಕ್ಕೆಂದಿತು. ಎಷ್ಟು ದಿನದಿಂದ ಮಡಚಿರಲಿಲ್ಲವೋ. ಒಬ್ಬರೇ ನಿಂತ ಸೆಕ್ರೆಟರಿ ಸುತ್ತ ನೋಡಿದರು. ಕೂರಲು ಬೆಂಚಿನಲ್ಲಿ ಜಾಗವಿತ್ತು, ಆಯಾಳ ಪಕ್ಕ. ಅಲ್ಲಿ ಕೂರಲು ಅವರಿಗೆ ಇಷ್ಟವಿರಲಿಲ್ಲ. ಹಕ್ಕಿ ಬೈಯುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಬೆಂಚಿನ ತೀರಾ ಅಂಚಿನಲ್ಲಿ, ಪ್ಯಾಂಟಿನ ಗೆರೆ ಮುರಿಯದ ಹಾಗೆ, ಕೂತರು.

ಎಲ್ಲರೂ ಸುಮ್ಮನಾದರು. ದೂರದಲ್ಲಿ ಕಂಚುಗಾರ ಪಾತ್ರೆ ಬಡಿಯುತ್ತಿತ್ತು. ಚಿಕ್ ಚಿಕ್ ನಿಂತಿತು.

"ಈಗ," ಎಂದರು ಟೀಚರಮ್ಮ ಪಿಸುದನಿಯಲ್ಲಿ.

ಹಕ್ಕಿ ಕುಂಡಕ್ಕೆ ಹಾರಿತು. ಬಾಲ ಕುಣಿಸಿತು. ಟೊಂಗೆಗೆ ಬಂತು, ಇನ್ನೂ ಕೆಳಗಿನ ಟೊಂಗೆಗೆ ಬಂತು. ಹೊಲಿದ ಎಲೆಯ ಬಾಯಿಗೆ ತಲೆ ಹಾಕಿದ ಕೂಡಲೇ ಒಳಗಿಂದ ಸೂಜಿಯ ಮೊನೆಯಷ್ಟು ಸಣ್ಣ ದನಿಗಳು ಕೇಳಿದವು. ಎಲೆ ಅಲ್ಲಾಡಿತು.

"ಅರೆ!" ಎಂದರು ಸೆಕ್ರೆಟರಿ. ಬೇರೆ ಯಾರದೋ ದನಿಯ ಹಾಗಿತ್ತು, ಚಿಕ್ಕ ಹುಡುಗನದು. "ಅರೆ, ಎಲೆನ ಹೊಲಿದಿದೆಯಲ್ಲ! ದಾರ ಕಾಣ್ತಿದೆ ನೋಡಿ!"

"ನೋಡ್ಲಾ ಸಾರ್?" ಎಂದ ಪೀಪಿ. ಆಯಾ ದುರ್ಬೀನನ್ನು ಅವನಿಗೆ ಕೊಟ್ಟಳು. ತಲೆಕೆಳಗಾಗಿ ಹಿಡಿದ. ಅವಳೇ ತಿರುಗಿಸಿ ಕೊಟ್ಟಳು.

ಹಕ್ಕಿ ಬಿಳಿ ಚೀಲ ಕಚ್ಚಿಕೊಂಡು ಹಾರಿತು. ಅದು ಮರೆಯಾಗುವ ಮೊದಲೇ ಅದರ ಜೋಡಿ ಇನ್ನೊಂದು ಹುಳ ಕಚ್ಚಿಕೊಂಡು ಕುಂಡದ ಮೇಲೆ ಬಂದು ನಿಂತಿತ್ತು. ಮಾಲಿ ಯಾರೂ ಹೇಳದೆಯೇ ಕತ್ತರಿಯ ಬಾಯಿಗೆ ಚರ್ಮದ ಪಟ್ಟಿ ಕಟ್ಟಿದ.

ಸೆಕ್ರೆಟರಿ ಎದ್ದು ನಿಂತು ಪ್ಯಾಂಟು ಕೊಡವಿಕೊಂಡರು. ಅವರ ಮುಖದಲ್ಲಿ ಇನ್ನೂ ಆ ಹುಡುಗ ಸ್ವಲ್ಪ ಉಳಿದಿದ್ದ. "ಮಾತು ಅಂದ್ರೆ ಮಾತು. ಮರಿ ಹಾರೋವರೆಗೂ ಬೇಲಿ ಮುಟ್ಟೋದು ಬೇಡ. ಪಾಪ, ಅದಕ್ಕೂ ಒಂದು ಜಾಗ ಬೇಕಲ್ಲ," ಎಂದು ಮಾಲಿಗೆ ಹೇಳಿದರು. ಎರಡು ಹೆಜ್ಜೆ ಹೋಗಿ ತಿರುಗಿದರು. "ಒಳ್ಳೇ ಕೆಲಸ ಮಾಡ್ದೆ ಆಯಮ್ಮ. ಸರಿ, ನೋಡಿದ್ದಾಯ್ತಲ್ಲ. ಈಗ ಏಳು."

ಅವಳು ಏಳಲಿಲ್ಲ.

"ಹಕ್ಕಿಗೆ ತೊಂದ್ರೆ ಆಗುತ್ತೆ ಅಂತಾನಾ? ನಾನು ಹೋಗ್ತಿದೀನಿ, ನೀನೂ ನಿಧಾನಕ್ಕೆ ಎದ್ದು ಬಾ."

"ಹಕ್ಕಿಗೋಸ್ಕರ ಅಲ್ಲ ಸಾರ್," ಎಂದಳು ಆಯಾ. ದನಿ ಏರಿಸಲಿಲ್ಲ, ಏರಿಸಿದ್ದರೆ ಕುಂಡದ ಮೇಲಿನ ಹಕ್ಕಿ ಹಾರಿಹೋಗುತ್ತಿತ್ತು. "ನನಗೆ ಕಾಲು ನೋಯುತ್ತೆ."

ಸೆಕ್ರೆಟರಿ ಪೀಪಿಯ ಕಡೆ ನೋಡಿದರು. ಪೀಪಿ ಹುಲ್ಲಿನಂಚಿನಲ್ಲಿ ಕುಕ್ಕರಗಾಲಿನಲ್ಲೇ ಇದ್ದ. ದುರ್ಬೀನು ಅವನ ಕಣ್ಣಿಗಿತ್ತು. ಅವನ ಕೊರಳಿನ ಪೀಪಿ ಎದೆಯ ಮೇಲೆ ಸುಮ್ಮನೆ ನೇತಾಡುತ್ತಿತ್ತು.

"ಏಳು ಅಂದೆ."

"ಇಲ್ಲ ಸಾರ್, ಏಳಲ್ಲ," ಎಂದು ಅವಳು ಟೀಚರಮ್ಮನ ಕಡೆ ತಿರುಗಿದಳು. "ಕುಂಡದ ಮೇಲಿಂದ ಕೆಳಗಿನ ಟೊಂಗೆಗೆ ಬಂತು ಟೀಚರಮ್ಮ. ಬಾಲ ಮೇಲಿದೆ. ಬಾಯಲ್ಲಿ ಹುಳ ಇದೆ. ಈಗ ಒಳಗೆ ಹೋಗುತ್ತೆ ನೋಡಿ."